ವಾಚಿನ ಸೆಲ್ ಬದಲಿಸುವಾಗ ಮರೆಯುವ ರಬ್ಬರ್ ಉಂಗುರ

ಕ್ವಾರ್ಟ್ಸ್ ವಾಚಿನ ಸೆಲ್ ಬದಲಿಸುವುದು ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಹಿಂಬದಿಯ ಮುಚ್ಚಳವನ್ನು ಮೊದಲಿದ್ದಂತೆಯೇ ಮುಚ್ಚುವುದರಲ್ಲಿ. ಮನೆಯಲ್ಲಿ ಹಾಕಿಕೊಳ್ಳಬೇಕೋ ಅಂಗಡಿಗೆ ಕೊಡಬೇಕೋ ಎಂದು ಯೋಚಿಸುವವರು ಸೆಲ್ಲಿನ ಬೆಲೆ, ಕೂಲಿ ಮತ್ತು ಸಮಯವನ್ನು ಲೆಕ್ಕ ಹಾಕುತ್ತಾರೆ. ಮುಚ್ಚಳದ ಅಂಚಿನಲ್ಲಿ ಕೂದಲಿಗಿಂತ ಸ್ವಲ್ಪ ದಪ್ಪವಿರುವ ಕಪ್ಪು ರಬ್ಬರ್ ಉಂಗುರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲು, ದೂಳು ಮತ್ತು ಕಾಲುವೆ ನೀರಿನ ನಡುವೆ ವಾಚು ಕಟ್ಟುವವರಿಗೆ ಸೆಲ್ಲಿಗಿಂತ ಆ ಉಂಗುರವೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ವಾಚಿನೊಳಗೆ ನೀರು ಹೋಗಲು ಸಾಮಾನ್ಯವಾಗಿ ಮೂರು ದಾರಿಗಳಿವೆ: ಗಾಜು ಕೂತಿರುವ ಅಂಚು, ಸಮಯ ತಿರುಗಿಸುವ ಪಕ್ಕದ ಕೀ, ಹಿಂಬದಿಯ ಮುಚ್ಚಳ. ಮೂರಕ್ಕೂ ಒಂದೊಂದು ತಡೆ ಇರುತ್ತದೆ. ಗಾಜಿನ ಸುತ್ತ ಬಹುಪಾಲು ಪ್ಲಾಸ್ಟಿಕ್ ಪಟ್ಟಿ, ಕೀಯೊಳಗೆ ಸಾಸಿವೆಗಿಂತ ತುಸು ದೊಡ್ಡದಾದ ರಬ್ಬರ್ ಉಂಗುರ, ಮುಚ್ಚಳದ ಸುತ್ತ ಒಂದು ದೊಡ್ಡ ಉಂಗುರ. ಸೆಲ್ ಬದಲಿಸುವಾಗ ನಾವು ಕೈ ಹಾಕುವುದು ಕೊನೆಯದಕ್ಕೆ ಮಾತ್ರ. ಆದರೆ ಉಳಿದೆರಡೂ ಅಷ್ಟೇ ವರ್ಷ ಹಳೆಯವು ಎಂಬುದನ್ನು ನೆನಪಿಡಬೇಕು.

ಉಂಗುರ ನೀರನ್ನು ತಡೆಯುವುದು ತಾನು ಒತ್ತಡಕ್ಕೆ ಸಿಕ್ಕಿದಾಗ ಹಿಂದಕ್ಕೆ ಒತ್ತುವ ಗುಣದಿಂದ. ಹೊಸ ಉಂಗುರದ ಅಡ್ಡಕೊಯ್ತ ಹೆಚ್ಚಾಗಿ ದುಂಡಗಿರುತ್ತದೆ. ಮುಚ್ಚಳ ಬಿಗಿಯಾದಾಗ ಅದು ಸ್ವಲ್ಪ ಚಪ್ಪಟೆಯಾಗಿ, ಮೊದಲಿನ ಆಕಾರಕ್ಕೆ ಮರಳಲು ಹವಣಿಸುತ್ತ, ಎರಡು ಲೋಹಗಳ ನಡುವಿನ ಸಂದನ್ನು ತುಂಬಿಕೊಂಡು ಕೂರುತ್ತದೆ. ವರ್ಷಗಳ ಬಿಸಿ ಮತ್ತು ಬೆವರಿನಲ್ಲಿ ರಬ್ಬರು ಗಟ್ಟಿಯಾಗುತ್ತದೆ, ಮರಳಿ ಉಬ್ಬುವ ಶಕ್ತಿ ಹೋಗುತ್ತದೆ. ಚಪ್ಪಟೆಯಾದದ್ದು ಚಪ್ಪಟೆಯಾಗಿಯೇ ಉಳಿಯುತ್ತದೆ. ಮುಚ್ಚಳ ತೆರೆಯದಿದ್ದರೆ ಆ ಹಳೆಯ ಉಂಗುರವೂ ತಾನು ಅಚ್ಚಾಗಿ ಕೂತ ಜಾಗದಲ್ಲಿ ಇನ್ನೂ ಸ್ವಲ್ಪ ಕಾಲ ಕೆಲಸ ಮಾಡೀತು. ಒಮ್ಮೆ ತೆರೆದರೆ ಅದು ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತದೆ. ಆಮೇಲೆ ಹಳೆಯ ಅಚ್ಚು ಹೊಸ ಜಾಗಕ್ಕೆ ಹೊಂದುವುದಿಲ್ಲ. ಸೆಲ್ ಬದಲಿಸುವವರೆಗೂ ಚೆನ್ನಾಗಿದ್ದ ವಾಚು ಆಮೇಲೆ ಕೆಟ್ಟಿತು ಎಂಬ ದೂರಿನ ಹಿಂದೆ ಹಲವು ಬಾರಿ ಇರುವುದು ಇದೇ. ಅದು ರಿಪೇರಿಯವರ ಕೈತಪ್ಪೇ ಆಗಿರಬೇಕೆಂದಿಲ್ಲ.

ಇನ್ನು ನಮ್ಮ ಕಡೆಯ ಬಿಸಿಲು. ವೈಶಾಖದ ಮಧ್ಯಾಹ್ನ ಗದ್ದೆಯಲ್ಲೋ ಬೈಕಿನ ಮೇಲೋ ಇರುವ ಸ್ಟೀಲ್ ವಾಚು 45 ಡಿಗ್ರಿ ತಲುಪುವುದು ದೊಡ್ಡ ಮಾತಲ್ಲ. ಒಳಗಿನ ಗಾಳಿಯೂ ಅಷ್ಟೇ ಬಿಸಿಯಾಗಿ ಹಿಗ್ಗುತ್ತದೆ. ಉಂಗುರ ಸಡಿಲವಾಗಿದ್ದರೆ ಹಿಗ್ಗಿದ ಗಾಳಿಯಲ್ಲಿ ಸ್ವಲ್ಪ ಹೊರಗೆ ಹೋಗುತ್ತದೆ. ಆ ಕೈಯನ್ನು 27 ಡಿಗ್ರಿಯ ಕಾಲುವೆ ನೀರಿಗೆ ಅದ್ದಿದರೆ ಒಳಗೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಒಳಗಿನ ಒತ್ತಡ ಹೊರಗಿಗಿಂತ ನೂರಕ್ಕೆ ಸುಮಾರು ಆರರಷ್ಟು ಇಳಿಯುತ್ತದೆ. ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಆಳದ ನೀರು ಒತ್ತುವಷ್ಟು ಬಲ ಇದು. ಅಂದರೆ ಮುಂಗೈಯನ್ನು ನಾಲ್ಕು ಬೆರಳು ಆಳಕ್ಕೆ ಅದ್ದಿದರೂ ವಾಚಿನ ಮಟ್ಟಿಗೆ ಅದು ಅರ್ಧ ಮೀಟರ್ ಮುಳುಗಿದಂತೆ. ಸಂದು ಇದ್ದರೆ ವಾಚು ನೀರನ್ನು ತಾನೇ ಒಳಗೆ ಹೀರಿಕೊಳ್ಳುತ್ತದೆ. ಬಿಸಿಲಿನಿಂದ ಬಂದು ಕೈಕಾಲು ತೊಳೆಯುವಾಗ ವಾಚು ಬಿಚ್ಚಿಡುವ ಹಿರಿಯರ ರೂಢಿಗೆ ಇಷ್ಟು ಗಟ್ಟಿಯಾದ ಕಾರಣವಿದೆ.

ಗಂಗಾವತಿ ಬಳಿ ಭತ್ತ ಬೆಳೆಯುವ ನಮ್ಮ ಭಾವನವರ ವಾಚಿಗೆ ಆದದ್ದು ಇದೇ. ಹಿಂಬದಿಯಲ್ಲಿ 50 ಮೀಟರ್ ಎಂದು ಕೆತ್ತಿದ, ಒತ್ತಿ ಮುಚ್ಚುವ ಮುಚ್ಚಳದ ವಾಚು ಅದು. ಪೇಟೆಯ ಒಂದು ಅಂಗಡಿಯಲ್ಲಿ ನಿಂತ ಹಾಗೆಯೇ ಸೆಲ್ ಹಾಕಿಸಿದ್ದರು. ನಾಟಿಯ ಕೆಲಸ ಮುಗಿಯುವ ಹೊತ್ತಿಗೆ ಬೆಳಗಿನ ತಂಪಿನಲ್ಲಿ ಗಾಜಿನ ಒಳಗೆ ಮಂಜು ಕಟ್ಟಿ, ಬಿಸಿಲೇರಿದಂತೆ ಮಾಯವಾಗತೊಡಗಿತು. ಮಾಯವಾಯಿತೆಂದು ಅವರು ಸುಮ್ಮನಿದ್ದರು. ಬಿಸಿಯಾದಾಗ ಮಂಜು ಆವಿಯಾಗಿ ಕಣ್ಣಿಗೆ ಕಾಣದಾಗುತ್ತದೆಯೇ ಹೊರತು ವಾಚಿನಿಂದ ಹೊರಗೆ ಹೋಗುವುದಿಲ್ಲ. ಗಾಜು ತಣ್ಣಗಾದ ಕೂಡಲೇ ಮತ್ತೆ ಕಟ್ಟುತ್ತದೆ.

ಮುಚ್ಚಳ ತೆರೆಸಿ ಭೂತಗನ್ನಡಿಯಲ್ಲಿ ನೋಡಿದಾಗ ಸಂಗತಿ ಬಯಲಾಯಿತು. ಉಂಗುರದ ಒಂದು ಕಡೆ ಅರ್ಧ ಅಂಗುಲದಷ್ಟು ಭಾಗ ತಾನು ಕೂರುವ ತೋಡಿನಿಂದ ಹೊರಬಿದ್ದು, ಮುಚ್ಚಳದ ಅಂಚಿಗೆ ಸಿಕ್ಕಿ ಕತ್ತರಿಸಿದಂತೆ ಹಿಸುಕಿಹೋಗಿತ್ತು. ಸರಿಯಾಗಿ ಅದೇ ಜಾಗದಲ್ಲಿ ಮುಚ್ಚಳದ ಒಳಬದಿಗೆ ಕಂದು ತುಕ್ಕಿನ ಗೆರೆ. ಕೀಯ ಕಡ್ಡಿ ಮಾತ್ರ ಹೊಳೆಯುತ್ತಿತ್ತು. ನೀರು ಎಲ್ಲಿಂದ ಬಂತೆಂದು ಹೇಳುವುದು ಹೀಗೆ: ತುಕ್ಕು ಮುಚ್ಚಳದ ಅಂಚಿನಲ್ಲಿದ್ದರೆ ಹಿಂಬದಿಯ ಉಂಗುರ, ಕಡ್ಡಿಯ ಮೇಲೂ ಅದರ ಸುತ್ತಲೂ ಇದ್ದರೆ ಕೀಯ ಉಂಗುರ, ಮುಖಫಲಕದ ಅಂಚಿನಲ್ಲಿ ಕಲೆ ಇದ್ದು ಹಿಂಬದಿ ಶುಭ್ರವಾಗಿದ್ದರೆ ಗಾಜಿನ ಪಟ್ಟಿ. ಭಾವನವರ ವಾಚಿನಲ್ಲಿ ಯಂತ್ರ ಇನ್ನೂ ಕೆಟ್ಟಿರಲಿಲ್ಲ. ಒಣಗಿಸಿ, ಹೊಸ ಉಂಗುರ ಹಾಕಿಸಿದ ಮೇಲೆ ಸರಿಯಾಯಿತು. ಇನ್ನೊಂದು ಸುಗ್ಗಿ ಕಳೆದಿದ್ದರೆ ಯಂತ್ರದೊಳಗಿನ ತಾಮ್ರದ ತಂತಿಯ ಸುರುಳಿ ಹೋಗುತ್ತಿತ್ತು.

ಆ 50 ಮೀಟರ್ ಎಂಬ ಬರಹದ ಬಗ್ಗೆಯೂ ಹೇಳಬೇಕು. ಅದು ಕಾರ್ಖಾನೆಯಿಂದ ಹೊರಬಂದ ದಿನದ ಹೊಸ ಉಂಗುರಗಳ ಮಾತು. 30 ಮೀಟರ್ ಎಂದಿದ್ದರೆ ಮಳೆ ಹನಿಗೂ ಕೈ ತೊಳೆಯುವ ಸಿಡಿತಕ್ಕೂ ಸಾಕು, ಈಜಿಗಲ್ಲ. 100 ಮೀಟರ್ ಇದ್ದರೆ ತುಂಗಭದ್ರೆಯಲ್ಲಿ ಈಜಬಹುದು. ಒಮ್ಮೆ ಮುಚ್ಚಳ ತೆರೆದು, ಪರೀಕ್ಷೆ ಮಾಡದೆ ಮುಚ್ಚಿದ ವಾಚಿನ ಮೇಲೆ ಏನೇ ಕೆತ್ತಿದ್ದರೂ ಅದನ್ನು ಸಿಡಿತ ತಡೆಯುವ ವಾಚು ಎಂದಷ್ಟೇ ಲೆಕ್ಕ ಹಿಡಿಯುವುದು ಒಳಿತು.

ಹಾಗಾದರೆ ಮನೆಯಲ್ಲಿ ಯಾವುದನ್ನು ತೆರೆಯಬಹುದು? ನನ್ನ ನಿಲುವು ಇಷ್ಟು. ಕಚೇರಿಗೆ ಕಟ್ಟುವ, ನೀರಿಗೆ ಹೋಗದ, ಮೂರು ಮುಳ್ಳಿನ ಸರಳ ವಾಚು, ಒತ್ತಿ ಮುಚ್ಚುವ ಅಥವಾ ನಾಲ್ಕು ಸಣ್ಣ ಸ್ಕ್ರೂ ಇರುವ ಮುಚ್ಚಳ: ಇದನ್ನು ತಾಳ್ಮೆಯುಳ್ಳವರು ಮನೆಯಲ್ಲಿಯೇ ಮಾಡಬಹುದು. ನೀರಿಗೆ ಇಳಿಯುವ ವಾಚು, ಸುತ್ತ ಕಚ್ಚುಗಳಿದ್ದು ಇಡೀ ಮುಚ್ಚಳವೇ ತಿರುಗಿ ಬಿಚ್ಚಿಕೊಳ್ಳುವ ವಾಚು, ಯಾರಾದರೂ ಪ್ರೀತಿಯಿಂದ ಕೊಟ್ಟ ಬೆಲೆಬಾಳುವ ವಾಚು ಅಂಗಡಿಗೇ ಹೋಗಲಿ, ಅದೂ ಒತ್ತಡ ಪರೀಕ್ಷಿಸುವ ಯಂತ್ರವಿರುವ ಅಂಗಡಿಗೆ.

ಮನೆಯಲ್ಲಿ ಮಾಡುವವರು ಮೊದಲು ಜಾಗ ನೋಡಿಕೊಳ್ಳಬೇಕು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬಿಳಿ ಕಾಗದದ ಮೇಲೆ ಕೂರಿ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಅದಿರಿನ ದೂಳು ಎಷ್ಟು ನಯವೆಂದರೆ ಬೆರಳಿಗೆ ಕಾಣುವುದಿಲ್ಲ, ಆದರೆ ಉಂಗುರದ ಮೇಲೆ ಒಂದು ಸಾಲು ಕೂತರೆ ಅದೇ ನೀರಿಗೆ ದಾರಿ. ವಾಚನ್ನು ತೆರೆಯುವ ಮೊದಲೇ ಹೊರಗಿನಿಂದ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಅಂಚನ್ನು ಒರೆಸಿ. ಬೆವರು, ದೂಳು ಸೇರಿ ಗಟ್ಟಿಯಾದ ಕೊಳೆ ಅಲ್ಲಿಯೇ ಇರುತ್ತದೆ, ತೆರೆದ ಕೂಡಲೇ ಒಳಗೆ ಬೀಳುತ್ತದೆ.

ಒತ್ತಿ ಮುಚ್ಚುವ ಮುಚ್ಚಳಕ್ಕೆ ಎಲ್ಲೋ ಒಂದು ಕಡೆ ತುಟಿಯಂತಹ ಸಣ್ಣ ಎತ್ತರ ಅಥವಾ ಸಂದು ಇರುತ್ತದೆ. ಅಲ್ಲಿಗೇ ವಾಚಿನ ಚಾಕುವನ್ನು ಇಟ್ಟು ತಿರುಚಬೇಕು. ಬೇರೆ ಕಡೆ ಅಡುಗೆಮನೆಯ ಚಾಕು ತೂರಿಸಿದರೆ ಅಂಚು ಗೀರಿ, ಆ ಗೀರಿನಲ್ಲೇ ನೀರು ಸೋರುತ್ತದೆ. ತೆರೆದ ಕೂಡಲೇ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ: ಮುಚ್ಚಳ ಯಾವ ದಿಕ್ಕಿಗಿತ್ತು, ಉಂಗುರ ಎಲ್ಲಿತ್ತು, ಸೆಲ್ಲಿನ ಯಾವ ಮುಖ ಮೇಲಿತ್ತು. ಸೆಲ್ಲಿನ ಪಕ್ಕದಲ್ಲಿ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತಿದ ಸುರುಳಿ ಕಾಣುತ್ತದೆ. ಸ್ಕ್ರೂಡ್ರೈವರ್ ಜಾರಿ ಆ ತಂತಿಗೆ ತಾಗಿ ಒಂದೆಳೆ ಕಡಿದರೂ ವಾಚು ಅಲ್ಲಿಗೆ ನಿಂತಿತು. ಆಮೇಲೆ ಎಷ್ಟು ಹೊಸ ಸೆಲ್ ಹಾಕಿದರೂ ನಡೆಯುವುದಿಲ್ಲ, ಯಂತ್ರವನ್ನೇ ಬದಲಿಸಬೇಕಾಗುತ್ತದೆ. ಮನೆಯಲ್ಲಿ ಆಗುವ ದೊಡ್ಡ ನಷ್ಟ ಇದೊಂದೇ, ಆದ್ದರಿಂದ ಸೆಲ್ಲನ್ನು ಸುರುಳಿಯ ಎದುರು ದಿಕ್ಕಿನಿಂದ ಎತ್ತಿ, ಪ್ಲಾಸ್ಟಿಕ್ ಚಿಮಟ ಬಳಸಿ. ಲೋಹದ ಚಿಮಟದಿಂದ ಸೆಲ್ಲಿನ ಎರಡೂ ಮುಖ ಹಿಡಿದರೆ ಅದು ಅಲ್ಲಿಯೇ ಬರಿದಾಗತೊಡಗುತ್ತದೆ.

ಸೆಲ್ಲಿನ ವಿಚಾರ ಬೇಗ ಮುಗಿಯುವಂಥದ್ದು. ಹಳೆಯದರ ಮೇಲೆ ಬರೆದ ಸಂಖ್ಯೆಯನ್ನೇ ತರಬೇಕು. ಸಾಮಾನ್ಯ ವಾಚುಗಳಲ್ಲಿ ಹೆಚ್ಚಾಗಿ ಕಾಣುವ 626 ಎಂಬುದು 6.8 ಮಿಲಿಮೀಟರ್ ಅಗಲ, 2.6 ಮಿಲಿಮೀಟರ್ ದಪ್ಪದ ಸೆಲ್, ಅದಕ್ಕೇ 377 ಎಂಬ ಹೆಸರೂ ಇದೆ. ಸಂಖ್ಯೆಯ ಮುಂದೆ ‘ಎಸ್‌ಆರ್’ ಇದ್ದರೆ ಬೆಳ್ಳಿಯ ಆಕ್ಸೈಡ್ ಸೆಲ್, ‘ಎಲ್‌ಆರ್’ ಇದ್ದರೆ ಅಗ್ಗದ ಕ್ಷಾರದ ಸೆಲ್. ಗಾತ್ರ ಒಂದೇ ಆದ್ದರಿಂದ ಎರಡೂ ಕೂರುತ್ತವೆ. ಬೆಳ್ಳಿಯ ಸೆಲ್ ಕೊನೆಯವರೆಗೂ 1.55 ವೋಲ್ಟಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಕ್ಷಾರದ ಸೆಲ್ಲಿನ ವೋಲ್ಟ್ ಮೊದಲಿನಿಂದಲೇ ನಿಧಾನವಾಗಿ ಇಳಿಯುತ್ತದೆ, ಸೋರುವ ಸಾಧ್ಯತೆಯೂ ಹೆಚ್ಚು. ಲೆಕ್ಕ ಸರಳ: ಒಳ್ಳೆಯ 626 ಸೆಲ್ಲಿನಲ್ಲಿ ಸುಮಾರು 28 ಮಿಲಿಆಂಪಿಯರ್-ಗಂಟೆ ವಿದ್ಯುತ್ ಇರುತ್ತದೆ, ಸರಳ ವಾಚು ಮೈಕ್ರೋಆಂಪಿಯರ್ ಒಂದರ ಆಸುಪಾಸು ಎಳೆಯುತ್ತದೆ. ಅಲ್ಲಿಗೆ 28,000 ಗಂಟೆ, ಅಂದರೆ ಮೂರು ವರ್ಷ. ಆರೇ ತಿಂಗಳಿಗೆ ಸೆಲ್ ಮುಗಿದರೆ ಒಂದೋ ಸೆಲ್ ಹಳೆಯದು ಅಥವಾ ತಪ್ಪು ಜಾತಿಯದು, ಇಲ್ಲವೇ ಒಳಗೆ ತೇವ ಅಥವಾ ಕೊಳೆ ಸೇರಿ ಯಂತ್ರ ಹೆಚ್ಚು ಎಳೆಯುತ್ತಿದೆ. ಬಿಚ್ಚಿದ ಸೆಲ್ಲನ್ನು ಮಕ್ಕಳ ಕೈಗೆ ಸಿಗುವಂತೆ ಇಡಬಾರದು. ನುಂಗಿದರೆ ಅನ್ನನಾಳ ಸುಡುತ್ತದೆ.

ಹೊಸ ಸೆಲ್ ಕೂರಿಸಿ, ಸೆಕೆಂಡು ಮುಳ್ಳು ನಡೆಯುವುದನ್ನು ಕಣ್ಣಾರೆ ನೋಡಿದ ಮೇಲೆ ಉಂಗುರಕ್ಕೆ ಬನ್ನಿ. ಅದನ್ನು ಮೊಂಡಾದ ಪ್ಲಾಸ್ಟಿಕ್ ಕಡ್ಡಿಯಿಂದ ಎತ್ತಿ ಬೆಳಕಿಗೆ ಹಿಡಿಯಿರಿ. ಮೆಲ್ಲಗೆ ಬಗ್ಗಿಸಿದಾಗ ಬಿರುಕು ಕಂಡರೆ ಅದರ ಕಾಲ ಮುಗಿಯಿತು. ದುಂಡಗಿರಬೇಕಾದದ್ದು ಪಟ್ಟಿಯಂತೆ ಚಪ್ಪಟೆಯಾಗಿ ಹೊಳೆಯುತ್ತಿದ್ದರೂ ಅಷ್ಟೇ. ತೋಡಿನಲ್ಲಿ ಇಟ್ಟರೆ ಉದ್ದ ಹೆಚ್ಚಾಗಿ ಒಂದು ಕಡೆ ಎದ್ದು ನಿಲ್ಲುತ್ತಿದ್ದರೆ ರಬ್ಬರು ಎಳೆದುಹೋಗಿದೆ ಅಥವಾ ಉಬ್ಬಿದೆ. ಅದನ್ನು ತಳ್ಳಿ ಕೂರಿಸಿದರೆ ಭಾವನವರ ವಾಚಿಗೆ ಆದದ್ದೇ ಆಗುತ್ತದೆ. ಹೊಸ ಉಂಗುರಕ್ಕೆ ಅಗಲದಷ್ಟೇ ದಪ್ಪವೂ ಮುಖ್ಯ. ದಪ್ಪ ಹೆಚ್ಚಾದರೆ ಮುಚ್ಚಳ ಕೂರುವುದಿಲ್ಲ, ಕಡಿಮೆಯಾದರೆ ಕೂತರೂ ತಡೆಯುವುದಿಲ್ಲ. ಅಂಗಡಿಯವರ ಬಳಿ ಬೇರೆ ಬೇರೆ ಅಳತೆಯ ಉಂಗುರಗಳ ಪೆಟ್ಟಿಗೆ ಇರುತ್ತದೆ, ಹಳೆಯದನ್ನು ಕೊಂಡೊಯ್ದು ಹೊಂದಿಸಿ ತರುವುದೇ ಸರಿ.

ಉಂಗುರ ಚೆನ್ನಾಗಿದ್ದರೆ ಅದಕ್ಕೆ ಸಿಲಿಕೋನ್ ಗ್ರೀಸ್ ಸವರಬೇಕು, ಹೊಳಪು ಬರುವಷ್ಟು ಮಾತ್ರ. ಗ್ರೀಸಿನ ಕೆಲಸ ನೀರು ತಡೆಯುವುದಲ್ಲ, ಮುಚ್ಚಳ ಒತ್ತುವಾಗ ರಬ್ಬರು ಎಳೆದಾಡದೆ ಜಾರಿ ತನ್ನ ಜಾಗ ಹಿಡಿಯಲು ನೆರವಾಗುವುದು. ಕೊಬ್ಬರಿ ಎಣ್ಣೆ ಬಳಿಯುವ ಅಭ್ಯಾಸ ಕೆಲವರಿಗಿದೆ. ಅದು ಬೇಡ. ನಮ್ಮ ಬಿಸಿಲಿಗೆ ಅದು ನೀರಾಗಿ ಹರಿದು ಗಾಲಿಗಳ ಮೇಲೆ ಹೋಗುತ್ತದೆ, ಆಮೇಲೆ ಅಲ್ಲಿಯೇ ಅಂಟಾಗುತ್ತದೆ.

ಮುಚ್ಚುವಾಗ ಮುಚ್ಚಳದ ಅಂಚಿನಲ್ಲಿರುವ ಸಣ್ಣ ಕಚ್ಚು ಕೀಯ ಕಡ್ಡಿಯ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಕಡ್ಡಿ ಬಗ್ಗುತ್ತದೆ. ಎರಡು ಹೆಬ್ಬೆರಳಿನಿಂದ ಒತ್ತಿದಾಗ ಟಕ್ ಎಂದು ಕೂತರೆ ಸರಿ. ಕೂರದಿದ್ದರೆ ಅಲ್ಲಿಗೆ ನಿಲ್ಲಿಸಿ. ಸುತ್ತಿಗೆ, ಇಕ್ಕಳ, ಬಾಗಿಲ ಸಂದು ಯಾವುದೂ ಬೇಡ. ಅಂಗಡಿಯಲ್ಲಿ ಒತ್ತುವ ಸಣ್ಣ ಯಂತ್ರವಿದೆ. ಅದರ ಬಿಲ್ಲೆ ಗಾಜಿನ ಮೇಲೆ ಕೂರದೆ ಲೋಹದ ಅಂಚಿನ ಮೇಲೆ ಕೂರುವಂತೆ ಅಳತೆ ಹೊಂದಿಸಿ ಒತ್ತುತ್ತಾರೆ. ಮನೆಯಲ್ಲಿ ಮೇಜಿಗೆ ಗಾಜು ಕೊಟ್ಟು ಬಲವಾಗಿ ಒತ್ತಿದರೆ ಒಡೆಯುವುದು ಗಾಜೇ. ಅರ್ಧ ಕೂತ ಮುಚ್ಚಳದ ವಾಚನ್ನು ಹಾಗೆಯೇ ಅಂಗಡಿಗೆ ಕೊಂಡೊಯ್ದು ಒತ್ತಿಸಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ.

ಅಂಗಡಿಗೆ ಕೊಟ್ಟ ಮಾತ್ರಕ್ಕೆ ಎಲ್ಲವೂ ಸರಿಯಾಯಿತು ಎನ್ನುವಂತಿಲ್ಲ ಎಂಬುದಕ್ಕೆ ಗಂಗಾವತಿಯ ವಾಚೇ ಸಾಕ್ಷಿ. ಬಸ್ ನಿಲ್ದಾಣದ ಬಳಿ ಗಾಜಿನ ಪೆಟ್ಟಿಗೆ ಇಟ್ಟು ಕೂರುವ ಹಿರಿಯರಲ್ಲಿ ಹಲವರ ಕೈ ಯಾವ ದೊಡ್ಡ ಮಳಿಗೆಯವರ ಕೈಗಿಂತಲೂ ಸೂಕ್ಷ್ಮ. ಅವರು ಸುರುಳಿ ಕಡಿಯುವುದಿಲ್ಲ, ಮುಚ್ಚಳ ಗೀರುವುದಿಲ್ಲ. ಆದರೆ ಗಿರಾಕಿ ಕೇಳದಿದ್ದರೆ ಉಂಗುರದ ಮಾತು ಎತ್ತುವುದಿಲ್ಲ, ಏಕೆಂದರೆ ಕೊಡುವ ಕೂಲಿ ಸೆಲ್ಲಿನದ್ದು ಮಾತ್ರ. ಆದ್ದರಿಂದ ನಾವೇ ಕೇಳಬೇಕು: ‘ಅಣ್ಣಾ, ವಾಷರ್ ಹೇಗಿದೆ ತೋರಿಸಿ, ಗಟ್ಟಿಯಾಗಿದ್ದರೆ ಹೊಸದು ಹಾಕಿ.’ ಅಂಗಡಿಯವರು ಅದನ್ನು ವಾಷರ್ ಎಂದೇ ಕರೆಯುತ್ತಾರೆ. ನೀರಿಗೆ ಇಳಿಯುವ ವಾಚಾದರೆ ಎರಡನೆಯ ಪ್ರಶ್ನೆ: ‘ಪ್ರೆಶರ್ ಟೆಸ್ಟ್ ಮಾಡುತ್ತೀರಾ?’

ಆ ಪರೀಕ್ಷೆಯಲ್ಲಿ ಎರಡು ಬಗೆಯಿದೆ. ಒಂದರಲ್ಲಿ ನೀರೇ ಇಲ್ಲ: ವಾಚನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಗಾಳಿಯ ಒತ್ತಡ ಏರಿಸುತ್ತಾರೆ ಅಥವಾ ಇಳಿಸುತ್ತಾರೆ. ಗಟ್ಟಿ ಮುಚ್ಚಿದ ವಾಚಿನ ಮೈ ಒತ್ತಡಕ್ಕೆ ಕಣ್ಣಿಗೆ ಕಾಣದಷ್ಟು ಬಾಗಿ ಹಾಗೆಯೇ ನಿಲ್ಲುತ್ತದೆ. ಸೋರುವ ವಾಚಿನಲ್ಲಿ ಒಳಹೊರಗಿನ ಒತ್ತಡ ನಿಧಾನವಾಗಿ ಸಮನಾಗಿ, ಬಾಗಿದ್ದು ಮೊದಲಿನಂತಾಗುತ್ತದೆ. ಯಂತ್ರ ಅಳೆಯುವುದು ಈ ಬದಲಾವಣೆಯನ್ನೇ. ಇನ್ನೊಂದು ನೀರಿನ ಬಗೆ. ಪಾರದರ್ಶಕ ಕೊಳವೆಯಲ್ಲಿ ಅರ್ಧ ನೀರು, ಮೇಲೆ ಗಾಳಿಯಲ್ಲಿ ವಾಚು. ಗಾಳಿಯ ಒತ್ತಡ ಏರಿಸಿ ಕೆಲವು ನಿಮಿಷ ಬಿಡುತ್ತಾರೆ. ಸಂದು ಇದ್ದರೆ ಒತ್ತಡದ ಗಾಳಿ ವಾಚಿನೊಳಗೆ ತುಂಬಿಕೊಳ್ಳುತ್ತದೆ. ಆಮೇಲೆ ವಾಚನ್ನು ನೀರಿಗೆ ಇಳಿಸಿ ಒತ್ತಡವನ್ನು ಮೆಲ್ಲಗೆ ಬಿಡುತ್ತಾರೆ. ಒಳಗೆ ಹೋದ ಗಾಳಿ ಹೊರಬರುವಾಗ ಗುಳ್ಳೆಗಳ ಸಾಲು ಕಾಣುತ್ತದೆ, ಎಲ್ಲಿಂದ ಬರುತ್ತಿದೆ ಎಂಬುದೂ ತಿಳಿಯುತ್ತದೆ. ಕೀಯ ಬುಡದಿಂದ ಗುಳ್ಳೆ ಬಂದರೆ ಹಿಂಬದಿಗೆ ಎಂಥ ಹೊಸ ಉಂಗುರ ಹಾಕಿದರೂ ಪ್ರಯೋಜನವಿಲ್ಲ, ಕೀಯನ್ನೇ ಬದಲಿಸಬೇಕಾಗಬಹುದು. ಗುಳ್ಳೆ ಕಂಡ ಕೂಡಲೇ, ಒತ್ತಡ ಪೂರ್ತಿ ಇಳಿಯುವ ಮೊದಲೇ ವಾಚನ್ನು ನೀರಿನಿಂದ ಮೇಲೆತ್ತುವುದು ಬಲ್ಲವರ ಲಕ್ಷಣ. ತಡಮಾಡಿದರೆ ನೀರು ಒಳಗೆ ಹೋಗುತ್ತದೆ. ಮನೆಯಲ್ಲಿ ಲೋಟದ ನೀರಿಗೆ ವಾಚು ಹಾಕಿ ನೋಡುವುದು ಈ ಪರೀಕ್ಷೆಯ ಬದಲಿಯಲ್ಲ. ಅಲ್ಲಿ ಸೋರಿದರೆ ತಿಳಿಯುವ ಹೊತ್ತಿಗೆ ವಾಚು ಕೆಟ್ಟಿರುತ್ತದೆ.

ಮನೆಯಲ್ಲಿ ಮಾಡಬಹುದಾದ ಒಂದು ತಪಾಸಣೆ ಇದೆ, ಕಾರ್ಖಾನೆಯವರೂ ಇದನ್ನೇ ಮಾಡುತ್ತಾರೆ. ವಾಚನ್ನು 40ರಿಂದ 45 ಡಿಗ್ರಿ ಬಿಸಿಗೆ ತಂದು, ಗಾಜಿನ ಮೇಲೆ ಒಂದು ಹನಿ ತಣ್ಣೀರು ಇಡುತ್ತಾರೆ. ಒಂದು ನಿಮಿಷ ಬಿಟ್ಟು ಒರೆಸಿದಾಗ ಗಾಜಿನ ಒಳಬದಿಗೆ ಮಂಜಿನ ಚುಕ್ಕೆ ಉಳಿದಿದ್ದರೆ ಒಳಗೆ ತೇವವಿದೆ. ರಾಯಚೂರಿನ ಮೇ ತಿಂಗಳಲ್ಲಿ ಬಿಸಿ ಮಾಡುವ ಶ್ರಮವೂ ಇಲ್ಲ, ಮಧ್ಯಾಹ್ನ ನೆರಳಿನಲ್ಲಿ ಇಟ್ಟರೇ ಸಾಕು, ಮಡಕೆಯ ನೀರಿನ ಒಂದು ಹನಿ ಬೇಕು. ಈ ತಪಾಸಣೆ ಹೇಳುವುದು ಈಗ ಒಳಗೆ ತೇವ ಇದೆಯೇ ಎಂಬುದನ್ನು ಮಾತ್ರ, ನಾಳೆ ನೀರು ನುಗ್ಗುತ್ತದೆಯೇ ಎಂಬುದನ್ನಲ್ಲ. ಸೆಲ್ ಬದಲಿಸಿ ಸ್ವಲ್ಪ ದಿನ ಕಟ್ಟಿದ ಮೇಲೆ ಮಾಡಿ ನೋಡುವುದು ಉಪಯುಕ್ತ.

ಮಂಜು ಕಂಡರೆ ಅಂದೇ ಮುಚ್ಚಳ ತೆರೆಸಬೇಕು. ಬಿಸಿಲಿಗೆ ಇಡುವುದರಿಂದ ತೇವ ಯಂತ್ರದ ಮೂಲೆಮೂಲೆಗೆ ಹರಡುತ್ತದೆ ಅಷ್ಟೇ. ಗಂಗಾವತಿ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವ ಉಪಾಯ ಎಲ್ಲರ ಮನೆಯಲ್ಲೂ ಇದೆ. ಮುಚ್ಚಿದ ವಾಚಿನೊಳಗಿನ ತೇವವನ್ನು ಹೊರಗಿನ ಅಕ್ಕಿ ಹೀರಲಾರದು, ತೆರೆದಿಟ್ಟರೆ ಅಕ್ಕಿಯ ಹಿಟ್ಟು ಒಳಗೆ ಹೋಗುತ್ತದೆ. ಮುಚ್ಚಳ ತೆಗೆದು, ಸೆಲ್ಲನ್ನು ಹೊರತೆಗೆದು, ಔಷಧ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ದಿನ ಇಡಬೇಕು. ಪೊಟ್ಟಣ ಒಡೆದಿರಬಾರದು. ಒಣಗಿದ ಮೇಲೆ ಹೊಸ ಉಂಗುರ ಹಾಕಿಸಿ, ಆಮೇಲೆ ಸೆಲ್. ಸೆಲ್ಲಿನ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಂಡರೆ ಮಾತ್ರ ಮನೆಯ ಕೆಲಸ ಅಲ್ಲಿಗೆ ಮುಗಿಯಿತು, ಅದನ್ನು ತೊಳೆಯುವುದು ಯಂತ್ರ ಬಿಚ್ಚಬಲ್ಲವರ ಪಾಲಿನದು.